ಕಾಫಿ ಕುಡಿದ ಮೇಲೆ ಬಿಪಿ ಎಷ್ಟು ಏರುತ್ತೆ, ಎಷ್ಟು ಹೊತ್ತು ಇರುತ್ತೆ?

ಕೊಡಗಿನಲ್ಲಿ ಬಿಪಿ ನೋಡಿಸಲು ಹೊರಟವರು ಕಾಫಿ ಕುಡಿದೇ ಹೊರಟಿರುತ್ತಾರೆ. ಬೆಳಗ್ಗೆ ಎದ್ದ ಕೂಡಲೇ ಒಂದು ಲೋಟ ಬೆಲ್ಲದ ಕಾಫಿ. ತಿಂಡಿಯ ಜೊತೆ ಇನ್ನೊಂದು. ಪೇಟೆಗೆ ಬಂದ ಮೇಲೆ ಟೋಕನ್ ಬರೋಕೆ ಹೊತ್ತಾಗುತ್ತೆ ಅಂತ ಎದುರಿನ ಹೋಟೆಲಿನಲ್ಲಿ ಮತ್ತೊಂದು. ಒಳಗೆ ಹೋಗಿ ತೋಳಿಗೆ ಪಟ್ಟಿ ಕಟ್ಟಿಸಿಕೊಂಡರೆ 150ರ ಮೇಲೆ ತೋರಿಸುತ್ತೆ. ಆಗ ಮನೆಯವರಲ್ಲಿ ಎರಡು ಮಾತು ಹುಟ್ಟುತ್ತೆ. ಒಬ್ಬರು, "ಅದು ಕಾಫಿಯಿಂದ ಅಷ್ಟೇ, ತಲೆ ಕೆಡಿಸಿಕೊಳ್ಳಬೇಡಿ" ಅನ್ನುತ್ತಾರೆ. ಇನ್ನೊಬ್ಬರು, "ಕಾಫಿ ಬಿಟ್ಟುಬಿಡಿ, ಬಿಪಿ ತಾನಾಗೇ ಇಳಿಯುತ್ತೆ" ಅನ್ನುತ್ತಾರೆ. ಎರಡೂ ಅರ್ಧ ಸರಿ. ಎರಡನ್ನೂ ಪೂರ್ತಿ ನಂಬಿದರೆ ತೊಂದರೆ ಆಗುತ್ತೆ. ಯಾವ ಅರ್ಧ ಸರಿ ಅಂತ ತಿಳಿಯಬೇಕಾದರೆ ಕಾಫಿ ಹೊಟ್ಟೆಗೆ ಹೋದ ಮೇಲಿನ ಮೂರು ಗಂಟೆಗಳಲ್ಲಿ ಮೈಯೊಳಗೆ ಏನಾಗುತ್ತೆ ಅಂತ ನೋಡಬೇಕು.

ನಮ್ಮ ದೇಹದಲ್ಲಿ ಅಡೆನೊಸಿನ್ ಅನ್ನೋ ಒಂದು ವಸ್ತು ಇದೆ. ಎಚ್ಚರವಾಗಿದ್ದಷ್ಟು ಹೊತ್ತೂ ಅದು ಮೆದುಳಿನಲ್ಲಿ ನಿಧಾನಕ್ಕೆ ಸೇರುತ್ತಾ ಹೋಗುತ್ತೆ, ಅದರಿಂದಲೇ ಸಂಜೆ ಹೊತ್ತಿಗೆ ಮಂಪರು ಬರೋದು. ರಕ್ತನಾಳಗಳ ಮೇಲೂ ಅದಕ್ಕೆ ಒಂದು ಕೆಲಸ ಇದೆ. ನಾಳದ ಗೋಡೆಯನ್ನು ಸಡಿಲ ಮಾಡಿ, ರಕ್ತ ಸಲೀಸಾಗಿ ಹರಿಯೋಕೆ ಜಾಗ ಕೊಡುತ್ತೆ. ಈ ಕೆಲಸಕ್ಕೆ ಅದು ನಾಳದಲ್ಲಿರುವ ತನ್ನದೇ ಜಾಗದಲ್ಲಿ ಹೋಗಿ ಕೂರಬೇಕು. ಕೆಫೀನ್ ನೋಡೋಕೆ ಅಡೆನೊಸಿನ್ ತರಾನೇ ಇರೋದರಿಂದ, ಬೇರೆಯವರ ಕುರ್ಚಿಯಲ್ಲಿ ಹೋಗಿ ಕೂತು ಏನೂ ಕೆಲಸ ಮಾಡದೆ ಸುಮ್ನೆ ಜಾಗ ಹಿಡಿದುಕೊಳ್ಳುತ್ತೆ. ನಿದ್ದೆಯ ಮಂಪರು ಹೋಗುತ್ತೆ. ಅದೇ ಹೊತ್ತಿಗೆ ನಾಳಗಳು ಸಡಿಲವಾಗೋದೂ ನಿಲ್ಲುತ್ತೆ. ಜೊತೆಗೆ ಅಡ್ರಿನಲಿನ್ ಸ್ವಲ್ಪ ಜಾಸ್ತಿ ಬರುತ್ತೆ. ನಾಳ ಸ್ವಲ್ಪ ಬಿಗಿಯಾದಾಗ ಅದರೊಳಗಿನ ಒತ್ತಡ ಏರುತ್ತೆ. ಕಾಫಿಯಿಂದ ಬಿಪಿ ಏರೋದು ಅಂದರೆ ಇಷ್ಟೇ.

ಹಾಗಾಗಿ ಕಾಫಿ ಕುಡಿದ ಮೇಲೆ ಬಂದ ರೀಡಿಂಗನ್ನು ಸುಳ್ಳು ಅನ್ನೋ ಹಾಗಿಲ್ಲ. ಆ ಹೊತ್ತಿಗೆ ಒತ್ತಡ ನಿಜವಾಗಿಯೂ ಅಷ್ಟಿತ್ತು. ಮಿಷನ್ ಸರಿಯಾಗೇ ಹೇಳಿದೆ. ಆದರೆ ಜೀವನಪೂರ್ತಿ ಮಾತ್ರೆ ಬೇಕೋ ಬೇಡವೋ ಅಂತ ತೀರ್ಮಾನಿಸೋದು ನಮ್ಮ ಸಾಮಾನ್ಯ ಒತ್ತಡ ನೋಡಿ. ಆ ಮೂರು ಗಂಟೆಯ ಒತ್ತಡ ಅದಕ್ಕೆ ಅಳತೆಗೋಲಾಗಲಾರದು.

ಎಷ್ಟು, ಎಷ್ಟು ಹೊತ್ತು

ಬಿಪಿ ಜಾಸ್ತಿ ಇರುವವರ ಮೇಲೆ ನಡೆದ ಹಲವು ಪ್ರಯೋಗಗಳನ್ನು 2011ರಲ್ಲಿ ಒಟ್ಟುಗೂಡಿಸಿ ಲೆಕ್ಕ ಹಾಕಿದ್ದರು. ಒಂದೇ ಸಲಕ್ಕೆ 200ರಿಂದ 300 ಮಿಲಿಗ್ರಾಂ ಕೆಫೀನ್ ಕೊಟ್ಟಾಗ ಮೇಲಿನ ಅಂಕಿ ಸರಾಸರಿ 8 ಪಾಯಿಂಟ್, ಕೆಳಗಿನದು 6 ಪಾಯಿಂಟ್ ಏರಿತ್ತು. ಈ ಏರಿಕೆ ಮೊದಲ ಗಂಟೆಯಲ್ಲೇ ಕಂಡು, ಮೂರು ಗಂಟೆಯವರೆಗೂ ಇತ್ತು. ಅದೇ ಲೆಕ್ಕದಲ್ಲಿ ಇನ್ನೊಂದು ಮಾತೂ ಇತ್ತು. ವಾರಗಟ್ಟಲೆ ಕಾಫಿ ಕುಡಿದರೂ ಅವರ ಒತ್ತಡ ಶಾಶ್ವತವಾಗಿ ಏರಿರಲಿಲ್ಲ. ಬಂದು ಹೋಗುವ ಏರಿಕೆ ಬೇರೆ, ಬಿಪಿ ಕಾಯಿಲೆ ಬೇರೆ ಅನ್ನೋದಕ್ಕೆ ಇದೇ ಆಧಾರ.

ಈ ಸಂಖ್ಯೆಗಳು ಸರಾಸರಿ ಅನ್ನೋದನ್ನು ಮರೆಯಬಾರದು. ಯಾವಾಗಲೋ ಒಮ್ಮೆ ಕುಡಿಯುವವರಿಗೆ ಏರಿಕೆ ಜಾಸ್ತಿ. ದಿನಾ ಕುಡಿಯುವವರ ಮೈ ಕೆಲವೇ ದಿನಗಳಲ್ಲಿ ಒಗ್ಗಿಕೊಳ್ಳುತ್ತೆ, ಅವರಿಗೆ ಕಡಿಮೆ ಏರುತ್ತೆ. ಆದರೆ ಎಲ್ಲರಿಗೂ ಪೂರ್ತಿ ಒಗ್ಗೋದಿಲ್ಲ. ರಾತ್ರಿಯಿಡೀ ಕಾಫಿ ಇಲ್ಲದೆ ಇರೋದರಿಂದ ಒಗ್ಗಿದವರಲ್ಲೂ ಬೆಳಗಿನ ಮೊದಲ ಲೋಟ ಸ್ವಲ್ಪ ಕೆಲಸ ತೋರಿಸುತ್ತೆ. ಅದಕ್ಕೇ "ನಂಗೆ ಐವತ್ತು ವರ್ಷದ ಅಭ್ಯಾಸ, ಏನೂ ಆಗಲ್ಲ" ಅನ್ನೋ ಮಾತನ್ನು ನಂಬೋ ಮೊದಲು ಒಮ್ಮೆ ಅಳೆದು ನೋಡೋದು ಒಳ್ಳೇದು. ಹೇಗೆ ಅಂತ ಮುಂದೆ ಹೇಳುತ್ತೇನೆ.

ಹೊತ್ತಿನ ವಿಷಯದಲ್ಲಿ ಒಂದು ಗೊಂದಲ ಇದೆ. ಬಿಪಿ ನೋಡುವ ಮೊದಲು 30 ನಿಮಿಷ ಕಾಫಿ, ಟೀ, ಬೀಡಿ, ಸಿಗರೇಟು ಬೇಡ ಅಂತ ಎಲ್ಲ ಕಡೆ ಹೇಳುತ್ತಾರೆ. ಅದು ಕನಿಷ್ಠ ಲೆಕ್ಕ. ಕುಡಿದ ಕೆಫೀನ್ ರಕ್ತದಲ್ಲಿ ತುತ್ತತುದಿಗೆ ಮುಟ್ಟೋದು ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ. ಹಾಗಾದರೆ ಹೋಟೆಲಿನಲ್ಲಿ ಕಾಫಿ ಕುಡಿದು, ಗಡಿಯಾರ ನೋಡಿ ಸರಿಯಾಗಿ ಅರ್ಧ ಗಂಟೆ ಬಿಟ್ಟು ಅಳೆಸಿದರೆ ಏನಾಯ್ತು? ನಿಯಮ ಪಾಲಿಸಿದಂತಾಯ್ತು, ಆದರೆ ಏರಿಕೆಯ ನಡುಮಧ್ಯದಲ್ಲೇ ಅಳೆದಂತಾಯ್ತು. ನನ್ನ ಪ್ರಕಾರ ಬಿಪಿ ನೋಡಿಸೋಕೆಂದೇ ಹೋಗುವ ದಿನ ಎರಡು ಮೂರು ಗಂಟೆ ಕಾಫಿ ಮುಟ್ಟದೆ ಇರೋದು ಸರಿ. ಆಗಲಿಲ್ಲವಾ, "ಇಷ್ಟು ಗಂಟೆಗೆ ಕಾಫಿ ಕುಡಿದಿದ್ದೆ" ಅಂತ ಡಾಕ್ಟರಿಗೆ ಹೇಳಿಬಿಡಿ. ಅಷ್ಟು ಹೇಳಿದರೂ ಅವರು ಆ ರೀಡಿಂಗನ್ನು ಬೇರೆ ರೀತಿ ನೋಡುತ್ತಾರೆ.

ನಮ್ಮ ಲೋಟದಲ್ಲಿ ಎಷ್ಟಿದೆ

ಪ್ರಯೋಗದಲ್ಲಿ ಕೊಟ್ಟ 200, 300 ಮಿಲಿಗ್ರಾಂ ನಮ್ಮ ಮನೆಯ ಎಷ್ಟು ಲೋಟಕ್ಕೆ ಸಮ? ಇಲ್ಲಿ ಕೊಡಗಿನ ಮಾತು ಬೇರೆಯೇ ಆಗುತ್ತೆ. ಇಲ್ಲಿ ಬೆಳೆಯೋದರಲ್ಲಿ ರೊಬಸ್ಟಾನೇ ಜಾಸ್ತಿ. ರೊಬಸ್ಟಾದಲ್ಲಿ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇರುತ್ತೆ. ಅರೇಬಿಕಾ ಬೀಜದ ತೂಕದಲ್ಲಿ ನೂರಕ್ಕೆ 1.2ರ ಆಸುಪಾಸು, ರೊಬಸ್ಟಾದಲ್ಲಿ 2.2ರ ಆಸುಪಾಸು.

ಒಂದು ಲೋಟಕ್ಕೆ 6 ಗ್ರಾಂ ಪುಡಿ ಹಾಕುತ್ತೀರಿ ಅಂತ ಇಟ್ಟುಕೊಳ್ಳಿ. ಅದು ಬರೀ ಅರೇಬಿಕಾ ಆದರೆ ಸುಮಾರು 70 ಮಿಲಿಗ್ರಾಂ ಕೆಫೀನ್. ಬರೀ ರೊಬಸ್ಟಾ ಆದರೆ ಸುಮಾರು 130. ಅದೇ ರೊಬಸ್ಟಾಕ್ಕೆ ನೂರಕ್ಕೆ 40 ಚಿಕೋರಿ ಬೆರೆಸಿದ್ದರೆ ಸುಮಾರು 80ಕ್ಕೆ ಇಳಿಯುತ್ತೆ, ಯಾಕಂದರೆ ಚಿಕೋರಿ ಒಂದು ಬೇರು, ಅದರಲ್ಲಿ ಕೆಫೀನ್ ಇಲ್ಲವೇ ಇಲ್ಲ. ಪುಡಿಯಲ್ಲಿದ್ದ ಕೆಫೀನ್ ಎಲ್ಲವೂ ನೀರಿಗೆ ಇಳಿಯೋದಿಲ್ಲ, ಹಾಗಾಗಿ ಇವನ್ನು ಗರಿಷ್ಠ ಲೆಕ್ಕ ಅಂತ ತಿಳಿಯಿರಿ.

ಇದರಿಂದ ಗೊತ್ತಾಗೋದು ಏನಂದರೆ, ತೋಟದ ಮನೆಗಳ ಪುಡಿಯೇ ಎಲ್ಲಕ್ಕಿಂತ ಗಟ್ಟಿ. ಕಣದಲ್ಲಿ ಒಣಗಿಸಿದ್ದರಲ್ಲಿ ಮನೆಗೆ ಅಂತ ಸ್ವಲ್ಪ ಎತ್ತಿಟ್ಟು, ಹುರಿದು, ಪುಡಿ ಮಾಡಿಸಿ, ಚಿಕೋರಿ ಸೇರಿಸದೆ ಕುದಿಸಿ ಕುಡಿಯುವ ಕಾಫಿ ಅದು. ರುಚಿಗೆ ಅದರ ಸಮ ಇಲ್ಲ, ನಿಜ. ಆದರೆ ಪೇಟೆಯ ಹೋಟೆಲಿನ ಚಿಕೋರಿ ಕಾಫಿ ಎರಡು ಲೋಟ, ಮನೆಯ ರೊಬಸ್ಟಾ ಎರಡು ಲೋಟ, ಇವೆರಡೂ ಒಂದೇ ಅಂತ ಎಣಿಸೋಕೆ ಆಗೋದಿಲ್ಲ. ಹಾಲು ಹಾಕಿದರೆ ರುಚಿ ಮೆತ್ತಗಾಗುತ್ತೆ, ಕೆಫೀನ್ ಕಡಿಮೆ ಆಗೋದಿಲ್ಲ. ಬೆಲ್ಲ, ಸಕ್ಕರೆ, ಕಾಳುಮೆಣಸು ಹಾಕಿದರೂ ಅಷ್ಟೇ.

ಟೀಯಲ್ಲಿ ಕಡಿಮೆ ಇರುತ್ತೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಸೂಚನೆಯಲ್ಲಿ ಲೆಕ್ಕ ಕೊಟ್ಟಿದ್ದಾರೆ. 150 ಮಿಲಿಲೀಟರ್ ಕಪ್ಪಿಗೆ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಒಂದು ಕಪ್ ಟೀಯಲ್ಲಿ 30ರಿಂದ 65. ದಿನಕ್ಕೆ 300 ಮಿಲಿಗ್ರಾಂ ದಾಟಬೇಡಿ ಅನ್ನೋದು ಅವರ ಸಲಹೆ. ಅಮೆರಿಕ ಮತ್ತು ಯುರೋಪಿನ ಸಂಸ್ಥೆಗಳು ಆರೋಗ್ಯವಂತರಿಗೆ 400ರವರೆಗೆ ಆಗಬಹುದು ಅನ್ನುತ್ತವೆ. ನಾವು ನಮ್ಮ ದೇಶದ ಲೆಕ್ಕವನ್ನೇ ಇಟ್ಟುಕೊಳ್ಳೋಣ. ಹಾಲಿಲ್ಲದ ಟೀ, ಗ್ರೀನ್ ಟೀ ಇವುಗಳಲ್ಲೂ ಕೆಫೀನ್ ಇದೆ ಅನ್ನೋದು ನೆನಪಿರಲಿ. ಬಣ್ಣ ತೆಳುವಾಗಿದೆ ಅಂತ ಲೆಕ್ಕದಿಂದ ಬಿಡಬೇಡಿ.

ಒಂದು ರೀಡಿಂಗನ್ನು ಬಿಡಿಸಿ ನೋಡೋಣ

ಒಂದು ಉದಾಹರಣೆ ತಗೊಳ್ಳೋಣ. ಸುಂಟಿಕೊಪ್ಪದ ಕಡೆಯ ಒಂದು ತೋಟದ ರೈಟರ್. ವಯಸ್ಸು 56. ಮಾತ್ರೆ ಏನೂ ಇಲ್ಲ. ಮಡಿಕೇರಿಗೆ ಕಣ್ಣು ತೋರಿಸೋಕೆ ಬಂದಾಗ ಬಿಪಿಯನ್ನೂ ನೋಡಿದರು, 158/96 ಬಂತು. ಆ ದಿನ ಬೆಳಗ್ಗೆ ಆರಕ್ಕೆ ಒಂದು ಲೋಟ ಮನೆ ಕಾಫಿ, ಎಂಟಕ್ಕೆ ಕಡಂಬುಟ್ಟಿನ ಜೊತೆ ಇನ್ನೊಂದು. ಬಸ್ಸಿಳಿದು ಹತ್ತೂಕಾಲಕ್ಕೆ ಹೋಟೆಲಿನಲ್ಲಿ ಮೂರನೆಯದು. ಅಲ್ಲಿಂದ ಏರು ರಸ್ತೆ ಹತ್ತಿ, ಮೂತ್ರಕ್ಕೂ ಹೋಗದೆ ನೇರ ಒಳಗೆ ಬಂದು ಕೂತರು. ಹತ್ತು ಐವತ್ತಕ್ಕೆ ಅಳೆದರು. ಕಾಫಿ ಕುಡಿದು 35 ನಿಮಿಷ ಆಗಿತ್ತು. ಅರ್ಧ ಗಂಟೆಯ ನಿಯಮ ಮುಗಿದಿತ್ತು. ಅಳೆಯುವಾಗ ನರ್ಸ್ ಊರು, ವಯಸ್ಸು ಕೇಳುತ್ತಿದ್ದರು, ಇವರು ಉತ್ತರ ಹೇಳುತ್ತಿದ್ದರು. ಕೈ ಗಾಳಿಯಲ್ಲಿ ನೇತಾಡುತ್ತಿತ್ತು.

ಡಾಕ್ಟರ್ ಮಾತ್ರೆ ಬರೆಯಲಿಲ್ಲ. ಒಂದು ವಾರ ಮನೆಯಲ್ಲೇ ಅಳೆದು ಬರೆದುಕೊಂಡು ಬನ್ನಿ ಅಂದರು. ಇದು ಸರಿಯಾದ ದಾರಿ. ಮನೆಯಲ್ಲಿ ಅಳೆಯೋದಕ್ಕೆ ಒಂದು ಕ್ರಮ ಇದೆ. ಬೆಳಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದು, ಕಾಫಿಗೂ ತಿಂಡಿಗೂ ಮಾತ್ರೆಗೂ ಮೊದಲು ಅಳೆಯಬೇಕು. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ನೆ ಕೂರಬೇಕು. ಎರಡೂ ಪಾದ ನೆಲದ ಮೇಲೆ ಇರಲಿ, ಕಾಲ ಮೇಲೆ ಕಾಲು ಬೇಡ. ತೋಳನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇಡಬೇಕು. ಮಾತು ಬೇಡ. ಒಂದು ನಿಮಿಷ ಬಿಟ್ಟು ಎರಡು ಸಲ ಅಳೆದು ಎರಡನ್ನೂ ಬರೆಯಬೇಕು. ಸಂಜೆಯೂ ಹೀಗೇ. ಏಳು ದಿನ ಮಾಡಿ, ಮೊದಲ ದಿನದ್ದನ್ನು ಬಿಟ್ಟು, ಉಳಿದದ್ದರ ಸರಾಸರಿ ತೆಗೆಯಬೇಕು. ಮನೆಯ ಸರಾಸರಿ 135/85 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಬಿಪಿ ಇದೆ ಅಂತ ಲೆಕ್ಕ. ಆಸ್ಪತ್ರೆಯಲ್ಲಿ ಆ ಗೆರೆ 140/90.

ರೈಟರ ಮನೆಯ ಸರಾಸರಿ 133/83 ಬಂತು. ಗೆರೆಯ ಕೆಳಗೆ, ಆದರೆ ಗೆರೆಗೆ ತೀರಾ ಹತ್ತಿರ.

ಹಾಗಾದರೆ 158ರಲ್ಲಿ ಕಾಫಿಯ ಪಾಲು ಎಷ್ಟು? ಇದನ್ನು ಮನೆಯಲ್ಲೇ ಕಂಡುಹಿಡಿಯಬಹುದು. ಎಷ್ಟೋ ಜನ ಮಾಡೋದು ಏನಂದರೆ, ಒಮ್ಮೆ ಅಳೆದು, ಕಾಫಿ ಕುಡಿದು, ಇನ್ನೊಮ್ಮೆ ಅಳೆಯೋದು. ಆರು ಪಾಯಿಂಟ್ ಏರಿತ್ತು ಅಂದುಕೊಳ್ಳಿ. ಅದು ಕಾಫಿಯಿಂದಲಾ? ಹೇಳೋಕಾಗಲ್ಲ. ಸುಮ್ನೆ ಕೂತಿದ್ದರೂ ಬಿಪಿ ನಾಲ್ಕೈದು ಪಾಯಿಂಟ್ ಆಚೀಚೆ ಆಗುತ್ತೆ. ಬೆಳಗ್ಗೆ ಎದ್ದ ಮೇಲೆ ತಾನಾಗೇ ಏರುವುದೂ ಇದೆ. ಹಾಗಾಗಿ ಕಾಫಿ ಇಲ್ಲದ ದಿನವನ್ನೂ ಪಕ್ಕದಲ್ಲಿ ಇಟ್ಟು ನೋಡಬೇಕು. ಇದಕ್ಕೆ ಚಿಕೋರಿ ತುಂಬ ಅನುಕೂಲ. ಬಿಸಿ, ಕಪ್ಪು, ಕಹಿ, ಬೆಲ್ಲ ಎಲ್ಲ ಹಾಗೇ, ಕೆಫೀನ್ ಮಾತ್ರ ಇಲ್ಲ.

ರೈಟರು ಮೂರು ಬೆಳಗ್ಗೆ ಮನೆ ಕಾಫಿ ಕುಡಿದು ಅಳೆದರು. ಕುಡಿಯುವ ಮೊದಲು ಸರಾಸರಿ 131/82. ಅರ್ಧ ಗಂಟೆಗೆ 139/87. ಒಂದು ಗಂಟೆಗೆ 142/88. ಎರಡು ಗಂಟೆಗೆ 138/86. ಮೂರು ಗಂಟೆಗೆ 133/83. ಇನ್ನು ಮೂರು ಬೆಳಗ್ಗೆ ಅದೇ ಲೋಟದಲ್ಲಿ ಬರೀ ಚಿಕೋರಿ. ಮೊದಲು 132/83, ಒಂದು ಗಂಟೆಗೆ 134/83, ಎರಡು ಗಂಟೆಗೆ 131/82. ಈ ಹೊತ್ತಿನಲ್ಲೆಲ್ಲ ಅವರು ತೋಟಕ್ಕೆ ಇಳಿಯಲಿಲ್ಲ, ಬೀಡಿ ಸೇದಲಿಲ್ಲ, ಒಳಗೆ ಕೂತಿದ್ದರು. ಕಾಫಿ ದಿನ ತುದಿಯಲ್ಲಿ 11 ಪಾಯಿಂಟ್ ಏರಿಕೆ, ಚಿಕೋರಿ ದಿನ 2. ಹಾಗಾದರೆ ಕಾಫಿಯ ಸ್ವಂತ ಪಾಲು 9ರ ಆಸುಪಾಸು. ಸಾಮಾನ್ಯವಾಗಿ 5ರಿಂದ 10 ಪಾಯಿಂಟ್ ಏರಿಕೆ ಹೀಗೆ ಮತ್ತೆ ಮತ್ತೆ ಕಂಡರೆ ನಿಮ್ಮ ಮೈಗೆ ಕೆಫೀನ್ ತಾಗುತ್ತೆ ಅಂತ ತಿಳಿಯಬಹುದು. ಏನೂ ಏರದೆ ಇದ್ದರೆ ನಿಮ್ಮ ಮೈ ಒಗ್ಗಿದೆ ಅಂತ ಅರ್ಥ. ಬಿಪಿ ಮಾತ್ರೆ ತಗೊಳ್ಳುವವರು ಈ ಪರೀಕ್ಷೆಗೆ ಅಂತ ಮಾತ್ರೆ ನಿಲ್ಲಿಸಬಾರದು. ಕಾಫಿ ದಿನವೂ ಚಿಕೋರಿ ದಿನವೂ ಎಂದಿನ ಹೊತ್ತಿಗೇ ತಗೊಂಡರೆ ಹೋಲಿಕೆ ಸರಿ ಬರುತ್ತೆ.

ಈಗ 158ಕ್ಕೆ ವಾಪಸ್ ಬರೋಣ. ಮನೆಯ 131ಕ್ಕೂ ಅದಕ್ಕೂ 27 ಪಾಯಿಂಟ್ ವ್ಯತ್ಯಾಸ. ಕಾಫಿಯ ಪಾಲು 9 ತೆಗೆದರೂ 18 ಉಳಿಯುತ್ತೆ. ಅದು ಎಲ್ಲಿಂದ ಬಂತು? ಏರು ಹತ್ತಿದ್ದು, ತುಂಬಿದ ಮೂತ್ರಕೋಶ, ಮಾತಾಡಿದ್ದು, ಆಸರೆ ಇಲ್ಲದ ಕೈ, ಆಸ್ಪತ್ರೆ ಅನ್ನೋ ಒಳಗಿನ ಅಳುಕು. ಇವು ಒಂದೊಂದೂ ಹತ್ತರ ಹತ್ತಿರ ಏರಿಸಬಲ್ಲವು. ಮಳೆಗಾಲದ ಮಡಿಕೇರಿಯಲ್ಲಿ ಚಳಿಯೂ ಸೇರುತ್ತೆ, ಚಳಿಗೆ ನಾಳಗಳು ಬಿಗಿಯುತ್ತವೆ. ಬೈಗುಳ ಮಾತ್ರ ಪೂರ್ತಿ ಕಾಫಿಗೆ. ನನಗೆ ಇದು ಮುಖ್ಯ ಅನ್ನಿಸೋದು ಯಾಕಂದರೆ, ಕಾಫಿಯೊಂದನ್ನೇ ಬಿಟ್ಟು, ಓಡಿಬಂದು, ಮಾತಾಡುತ್ತಾ ಅಳೆಸಿಕೊಂಡರೆ ರೀಡಿಂಗ್ ಮತ್ತೆ ಜಾಸ್ತಿನೇ ಬರುತ್ತೆ. ಆಗ "ಕಾಫಿ ಬಿಟ್ಟರೂ ಇಳಿಯಲಿಲ್ಲ" ಅಂತ ಹೆದರಿಕೆ ಇನ್ನೂ ಜಾಸ್ತಿ ಆಗುತ್ತೆ.

ಇದೇ ಲೆಕ್ಕವನ್ನು ತಿರುಗಿಸಿಯೂ ನೋಡಬೇಕು. ಬೆಳಗ್ಗೆ ಕಾಫಿಗೆ ಮೊದಲೇ ಮನೆಯಲ್ಲಿ 150/94 ಬರುತ್ತಿದೆ, ವಾರವಿಡೀ ಹಾಗೇ ಇದೆ ಅಂದರೆ ಅದರಲ್ಲಿ ಕಾಫಿಯ ತಪ್ಪಿಲ್ಲ. ಹಿಂದಿನ ರಾತ್ರಿಯಿಂದ ಕಾಫಿನೇ ಕುಡಿದಿಲ್ಲ, ಅಲ್ವಾ? ಅದು ಬಿಪಿಯೇ. ಅಂಥವರು "ಮೊದಲು ಕಾಫಿ ಬಿಟ್ಟು ನೋಡ್ತೀನಿ" ಅಂತ ಆರು ತಿಂಗಳು ಡಾಕ್ಟರ ಹತ್ತಿರ ಹೋಗದೆ ಇರೋದನ್ನು ಕಂಡಾಗ ನಿಜಕ್ಕೂ ಸಂಕಟ ಆಗುತ್ತೆ. ಕಾಫಿ ಬಿಟ್ಟರೆ ಇಳಿಯೋದು ಹೆಚ್ಚೆಂದರೆ ಆ ಮೂರು ಗಂಟೆಯ ಏರಿಕೆ. ಉಪ್ಪು ಕಡಿಮೆ ಮಾಡೋದು, ತೂಕ ಇಳಿಸೋದು, ಕುಡಿತ ಕಡಿಮೆ ಮಾಡೋದು ಇವುಗಳಿಂದ ಆಗುವಷ್ಟು ಲಾಭ ಕಾಫಿ ಬಿಡೋದರಿಂದ ಆಗೋದಿಲ್ಲ. ಊಟದ ಪಕ್ಕದಲ್ಲಿರೋ ಉಪ್ಪಿನಕಾಯಿ, ಒಣಮೀನು ಇವನ್ನು ಮುಟ್ಟದೆ ಬಿಟ್ಟರೆ ಬಿಪಿಗೆ ಕಾಫಿಗಿಂತ ಜಾಸ್ತಿ ಉಪಕಾರ.

ಇನ್ನೊಂದು ಸೂಕ್ಷ್ಮ. ದಿನಕ್ಕೆ ಆರೇಳು ಲೋಟ ಕುಡಿಯುವವರು ಬೆಳಗ್ಗೆ ಕಾಫಿಗೆ ಮೊದಲು ಮಾತ್ರ ಅಳೆದರೆ ಅರ್ಧ ಚಿತ್ರ ಸಿಗುತ್ತೆ. ಅವರ ಹಗಲೆಲ್ಲ ಕೆಫೀನಿನ ಜೊತೆಯೇ ಕಳೆಯುತ್ತೆ, ಆ ಒತ್ತಡವೂ ಅವರ ನಾಳಗಳ ಮೇಲೆ ಬೀಳುವ ಒತ್ತಡವೇ. ಅವರು ಸಂಜೆಯ ಅಳತೆಯನ್ನು ಬಿಡಬಾರದು. ಸಂಜೆಯ ಸರಾಸರಿ ಬೆಳಗಿನದಕ್ಕಿಂತ ತುಂಬ ಜಾಸ್ತಿ ಬರುತ್ತಿದ್ದರೆ ಡಾಕ್ಟರ್ 24 ಗಂಟೆಯ ಬಿಪಿ ಮಿಷನ್ ಕಟ್ಟಿ ನೋಡಬಹುದು.

ಯಾರು ಕಡಿಮೆ ಮಾಡಬೇಕು

ಬಿಪಿ ಮಾತ್ರೆ ತಗೊಂಡು ಹತೋಟಿಯಲ್ಲಿ ಇರುವವರು ದಿನಕ್ಕೆ ಒಂದೆರಡು ಲೋಟ ಕುಡಿಯೋದಕ್ಕೆ ಸಾಮಾನ್ಯವಾಗಿ ಅಡ್ಡಿ ಇಲ್ಲ. ಎಚ್ಚರ ಬೇಕಾಗಿರೋದು ಒತ್ತಡ 160/100 ಅಥವಾ ಅದಕ್ಕಿಂತ ಜಾಸ್ತಿ ಇರುವವರಿಗೆ. ಜಪಾನಿನಲ್ಲಿ 40ರಿಂದ 79 ವಯಸ್ಸಿನ 18 ಸಾವಿರಕ್ಕೂ ಹೆಚ್ಚು ಜನರನ್ನು ಸುಮಾರು 19 ವರ್ಷ ಗಮನಿಸಿ 2022ರಲ್ಲಿ ವರದಿ ಕೊಟ್ಟರು. ಇಷ್ಟು ಜಾಸ್ತಿ ಬಿಪಿ ಇದ್ದು ದಿನಕ್ಕೆ ಎರಡು ಅಥವಾ ಹೆಚ್ಚು ಕಪ್ ಕಾಫಿ ಕುಡಿಯುತ್ತಿದ್ದವರಲ್ಲಿ, ಕುಡಿಯದವರಿಗೆ ಹೋಲಿಸಿದರೆ ಹೃದಯ ಮತ್ತು ರಕ್ತನಾಳದ ಕಾಯಿಲೆಯ ಸಾವು ಎರಡರಷ್ಟಿತ್ತು. ದಿನಕ್ಕೆ ಒಂದೇ ಕಪ್ ಕುಡಿಯುವವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಗ್ರೀನ್ ಟೀಯಲ್ಲೂ ಕಾಣಲಿಲ್ಲ. ಇಂಥ ಅಧ್ಯಯನ ಕಾಫಿಯೇ ಕಾರಣ ಅಂತ ಸಾಬೀತು ಮಾಡೋದಿಲ್ಲ. ಆದರೂ ಅಷ್ಟು ಒತ್ತಡದಲ್ಲಿ ಇರುವವರು, ಅದು ಹತೋಟಿಗೆ ಬರುವವರೆಗೆ ಒಂದು ಕಪ್ಪಿಗೆ ನಿಲ್ಲಿಸೋದು ನನಗೆ ಸರಿ ಅನ್ನಿಸುತ್ತೆ.

ಬಸುರಿಯರ ವಿಷಯ ಇದಕ್ಕಿಂತ ಗಟ್ಟಿ. ಸಾಮಾನ್ಯರಲ್ಲಿ ಕುಡಿದ ಕೆಫೀನಿನ ಅರ್ಧ ಹೊರಹೋಗೋಕೆ ಸುಮಾರು ಐದು ಗಂಟೆ ಬೇಕು. ಬಸುರಿನ ಕೊನೆಯ ತಿಂಗಳುಗಳಲ್ಲಿ ಅದು ಹದಿನೈದು ಗಂಟೆಯವರೆಗೂ ಎಳೆಯಬಹುದು. ಬೆಳಗಿನ ಲೋಟ ಮುಗಿಯೋ ಮೊದಲೇ ಸಂಜೆಯದು ಸೇರಿಕೊಳ್ಳುತ್ತೆ. ಕೆಫೀನ್ ಮಗುವಿಗೂ ದಾಟುತ್ತೆ, ಮಗುವಿಗೆ ಅದನ್ನು ಕರಗಿಸುವ ಶಕ್ತಿ ಇರೋದಿಲ್ಲ. ಅದಕ್ಕೇ ಬಸುರಿಯರಿಗೆ ದಿನಕ್ಕೆ 200 ಮಿಲಿಗ್ರಾಂ ಒಳಗೆ ಅಂತ ಹೇಳುತ್ತಾರೆ. ಮನೆಯ ರೊಬಸ್ಟಾ ಒಂದು ಲೋಟ, ಮಧ್ಯಾಹ್ನದ ಮೇಲೆ ಒಂದು ಟೀ, ಅಲ್ಲಿಗೆ ಲೆಕ್ಕ ಮುಗಿಯಿತು. ಅವರ ಊಟದ ಸುತ್ತ ಒಂದೊಂದು ಗಂಟೆ ಕಾಫಿ, ಟೀ ಬೇಡ ಅನ್ನೋದೂ ಇದೆ. ಅವುಗಳಲ್ಲಿರುವ ಟ್ಯಾನಿನ್ ಊಟದ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ರಕ್ತ ಕಡಿಮೆ ಇರುವ ಎಲ್ಲರಿಗೂ ಈ ಮಾತು. ಕೊಯ್ಲಿನ ಕಾಲದಲ್ಲಿ ಬುತ್ತಿ ಬಿಚ್ಚಿ ಊಟದ ಜೊತೆಗೇ ಟೀ ಕುಡಿಯುವ ಹೆಣ್ಣುಮಕ್ಕಳು ಆ ಟೀಯನ್ನು ಒಂದು ಗಂಟೆ ಮುಂದಕ್ಕೆ ಹಾಕಿದರೂ ಸಾಕು.

ಕೆಲವು ಮಾತ್ರೆಗಳೂ ಕೆಫೀನನ್ನು ಮೈಯಲ್ಲೇ ನಿಲ್ಲಿಸುತ್ತವೆ. ಸೋಂಕಿಗೆ ಕೊಡುವ ಸಿಪ್ರೊಫ್ಲಾಕ್ಸಸಿನ್, ಮನಸ್ಸಿನ ತೊಂದರೆಗೆ ಕೊಡುವ ಫ್ಲುವೊಕ್ಸಮಿನ್ ಇವು ಲಿವರಿನಲ್ಲಿ ಕೆಫೀನ್ ಕರಗಿಸುವ ಕಿಣ್ವವನ್ನು ತಡೆಯುತ್ತವೆ. ಎಂದಿನ ಎರಡು ಲೋಟಕ್ಕೇ ಎದೆ ಡವಗುಟ್ಟಿ, ಕೈ ನಡುಗಿ, ನಿದ್ದೆ ಹೋದರೆ ಕಾರಣ ಅಲ್ಲಿರಬಹುದು. ಬೀಡಿ ಸಿಗರೇಟಿನ ಹೊಗೆ ಇದಕ್ಕೆ ಉಲ್ಟಾ, ಆ ಕಿಣ್ವವನ್ನು ಚುರುಕು ಮಾಡುತ್ತೆ. ಹಾಗಾಗಿ ಸಿಗರೇಟು ಬಿಟ್ಟವರಿಗೆ ಅದೇ ಕಾಫಿ ಜಾಸ್ತಿ ತಾಗುತ್ತೆ. ಎಷ್ಟೋ ಜನ ಆ ನಡುಕವನ್ನು ಸಿಗರೇಟು ಬಿಟ್ಟ ತೊಂದರೆ ಅಂತ ತಿಳಿದು ಮತ್ತೆ ಸೇದೋಕೆ ಶುರು ಮಾಡುತ್ತಾರೆ. ಸಿಗರೇಟು ಬಿಡುವ ವಾರ ಕಾಫಿಯನ್ನು ಅರ್ಧಕ್ಕೆ ಇಳಿಸಿದರೆ ಆ ಕಷ್ಟ ಕಡಿಮೆ ಆಗುತ್ತೆ. ತಲೆನೋವಿನ ಕೆಲವು ಮಾತ್ರೆಗಳಲ್ಲಿ ಕೆಫೀನ್ ಸೇರಿಸಿರುತ್ತಾರೆ, ಪಟ್ಟಿಯ ಹಿಂದೆ ಬರೆದಿರುತ್ತೆ. ಮೂಗು ಕಟ್ಟಿದ್ದಕ್ಕೆ ಕೊಡುವ ನೆಗಡಿ ಮಾತ್ರೆಗಳಲ್ಲಿ ಬಿಪಿ ಏರಿಸುವ ಬೇರೆ ಔಷಧಿಯೇ ಇರುತ್ತೆ, ಮಳೆಗಾಲದಲ್ಲಿ ಬಿಪಿ ಇರುವವರು ಅದನ್ನು ಕೇಳದೆ ನುಂಗಬಾರದು.

ಕಾಫಿ ಕುಡಿದರೆ ಎದೆ ಬಡಿತ ತಪ್ಪುವ ಹಾಗೆ ಅನ್ನಿಸುವವರು, ನಿದ್ದೆ ಬಾರದವರು, ಎದೆ ಉರಿಯುವವರು ತಮ್ಮ ಅನುಭವವನ್ನೇ ನಂಬಿ ಕಡಿಮೆ ಮಾಡಲಿ. ಮಕ್ಕಳಿಗೆ ಕೊಡಲೇಬೇಕಾಗಿಲ್ಲ.

ಕಡಿಮೆ ಮಾಡುವಾಗ ಒಂದೇ ಏಟಿಗೆ ನಿಲ್ಲಿಸಬೇಡಿ. ದಿನಾ ನಾಲ್ಕೈದು ಲೋಟ ಕುಡಿಯುವವರು ಸಟ್ಟನೆ ಬಿಟ್ಟರೆ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಯೊಳಗೆ ತಲೆನೋವು ಶುರುವಾಗುತ್ತೆ. ಸುಸ್ತು, ಸಿಡುಕು ಜೊತೆಗೇ ಬರುತ್ತೆ. ಒಂದೆರಡು ದಿನ ಜೋರಾಗಿದ್ದು, ವಾರದೊಳಗೆ ಹೆಚ್ಚುಕಡಿಮೆ ಹೋಗುತ್ತೆ. ಆ ತಲೆನೋವನ್ನು ಬಿಪಿ ಏರಿದ್ದು ಅಂತ ತಪ್ಪು ತಿಳಿಯುವವರೂ ಇದ್ದಾರೆ. ನಾಲ್ಕೈದು ದಿನಕ್ಕೆ ಒಂದು ಲೋಟದಂತೆ ಇಳಿಸಿದರೆ ಇದು ಬರೋದೇ ಇಲ್ಲ ಅನ್ನಬಹುದು. ಇಲ್ಲದಿದ್ದರೆ ಲೋಟದ ಲೆಕ್ಕ ಹಾಗೇ ಇಟ್ಟು ಮನೆಯ ಪುಡಿಗೆ ಚಿಕೋರಿ ಬೆರೆಸುತ್ತಾ ಹೋಗಿ. ಮೊದಲ ವಾರ ನಾಲ್ಕನೇ ಒಂದು ಪಾಲು, ಆಮೇಲೆ ಮೂರನೇ ಒಂದು, ಆಮೇಲೆ ಅರ್ಧ. ಮನೆಯಲ್ಲಿ ಬೇರೆಯವರಿಗೆ ಗೊತ್ತೂ ಆಗದಷ್ಟು ನಿಧಾನ. ಸಂಜೆಯ ಲೋಟದ ಜಾಗಕ್ಕೆ ಜೀರಿಗೆ ಕೊತ್ತಂಬರಿ ಕಷಾಯ ಚೆನ್ನಾಗಿರುತ್ತೆ, ಅದರಲ್ಲಿ ಕೆಫೀನ್ ಇಲ್ಲ. ಆದರೆ ಕಷಾಯದ ಪುಡಿ ಕೊಳ್ಳುವಾಗ ಅದರಲ್ಲಿ ಜ್ಯೇಷ್ಠಮಧು ಇದೆಯಾ ಅಂತ ನೋಡಿ. ಜ್ಯೇಷ್ಠಮಧುವನ್ನು ದಿನಾ ತಗೊಂಡರೆ ಮೈಯಲ್ಲಿ ಉಪ್ಪು, ನೀರು ನಿಂತು, ಪೊಟ್ಯಾಸಿಯಂ ಇಳಿದು ಬಿಪಿ ಏರುತ್ತೆ. ಅದು ಕಾಫಿಯ ಹಾಗೆ ಮೂರು ಗಂಟೆಗೆ ಇಳಿಯೋದೂ ಇಲ್ಲ. ಬಿಪಿ ಇರುವವರಿಗೆ ಕಾಫಿಗಿಂತ ಅದೇ ಅಪಾಯ.

ಕೊನೆಗೆ, ಕಾಫಿಯ ಲೆಕ್ಕವನ್ನು ಪಕ್ಕಕ್ಕೆ ಇಡಬೇಕಾದ ಒಂದು ಸಂದರ್ಭ ಇದೆ. ರೀಡಿಂಗ್ 180/120 ಅಥವಾ ಅದರ ಮೇಲೆ ಬಂದರೆ ಐದು ನಿಮಿಷ ಸುಮ್ನೆ ಕೂತು ಇನ್ನೊಮ್ಮೆ ಅಳೆಯಿರಿ. ಮತ್ತೆ ಅಷ್ಟೇ ಬಂದರೆ, ತೊಂದರೆ ಏನೂ ಕಾಣದಿದ್ದರೂ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ ಕೇಳಬೇಕು. ಜೊತೆಗೆ ಎದೆನೋವು, ಉಸಿರಾಟದ ಕಷ್ಟ, ಜೋರು ತಲೆನೋವು, ಕಣ್ಣು ಮಂಜಾಗೋದು, ಮಾತು ತೊದಲೋದು, ಒಂದು ಕಡೆಯ ಕೈ ಕಾಲು ಸೋಲೋದು, ಇವುಗಳಲ್ಲಿ ಒಂದಿದ್ದರೂ "ಈಗಷ್ಟೇ ಕಾಫಿ ಕುಡಿದಿದ್ದೆ, ಇಳಿಯುತ್ತೆ" ಅಂತ ಕಾಯಬಾರದು. ಕಾಫಿ ಅಷ್ಟೆಲ್ಲ ಏರಿಸೋದಿಲ್ಲ. 108ಕ್ಕೆ ಫೋನ್ ಮಾಡಿ, ಅಥವಾ ಕೈಗೆ ಸಿಕ್ಕ ಜೀಪು ಹಿಡಿದು ಹತ್ತಿರದ ಆಸ್ಪತ್ರೆಗೆ ಹೊರಡಬೇಕು. ಒಳಗಿನ ತೋಟಗಳಿಂದ ಪೇಟೆಗೆ ಬರೋಕೇ ಮುಕ್ಕಾಲು ಗಂಟೆ ಹಿಡಿಯುವ ಕಡೆ ಯಾರ ಗಾಡಿಯನ್ನು ಕರೆಯಬೇಕು ಅನ್ನೋದನ್ನು ಮೊದಲೇ ಮಾತಾಡಿ ಇಟ್ಟುಕೊಂಡಿರಬೇಕು.